ವ್ಯತ್ಯಾಸ 0 ಎಂದೇ ತೋರಿಸುತ್ತಿದ್ದ ವರದಿ

ಪ್ರಶ್ನೆ: ತಿಂಗಳ ವೆಚ್ಚದ ವರದಿ ಎಕ್ಸೆಲ್‌ನಲ್ಲಿ ತಾನಾಗಿಯೇ ಬರುವಂತೆ ಮಾಡಿದ್ದೇನೆ. ಮೊತ್ತ ತಾಳೆಯಾಗುತ್ತದೆಯೇ ಎಂದು ನೋಡುವ ಸೂತ್ರವೂ ಅದರಲ್ಲೇ ಇದೆ. ಇಷ್ಟು ಸಾಲದೇ?

ಆ ಸೂತ್ರ ಯಾವುದನ್ನು ಯಾವುದರ ಜೊತೆ ಹೋಲಿಸುತ್ತಿದೆ ಎಂಬುದರ ಮೇಲೆ ಹೋಗುತ್ತದೆ. ನಮ್ಮ ಲೆಕ್ಕಪತ್ರ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಒಬ್ಬ ಹುಡುಗನ ಕಥೆ ಹೇಳುತ್ತೇನೆ, ನಿಮ್ಮದಕ್ಕೆ ಹೊಂದುತ್ತದೆಯೇ ನೋಡಿ.

ವೆಚ್ಚದ ವರದಿ ಅವನ ಪಾಲಿಗೆ ಬಂದಿತ್ತು. ಲೆಡ್ಜರ್‌ನಿಂದ ತಿಂಗಳ ನಮೂದುಗಳನ್ನು ಇಳಿಸಿಕೊಂಡು, ಖಾತೆವಾರು ಕೂಡಿ, ಮ್ಯಾನೇಜರಿಗೆ ಕಳುಹಿಸುವ ಕೆಲಸ. ಕೈಯಿಂದ ಮಾಡಿದರೆ ಅರ್ಧ ದಿನ ಹೋಗುತ್ತಿತ್ತು. ಚುರುಕಿನ ಹುಡುಗ, ಬೇಸತ್ತು ಹೀಗೆ ಬರೆದ:

```
=SUMIFS(Data!$F$2:$F$1000, Data!$C$2:$C$1000, $A5)
```

C ಅಂಕಣದಲ್ಲಿ ಖಾತೆಯ ಸಂಕೇತ, F ಅಂಕಣದಲ್ಲಿ ಮೊತ್ತ. ನಮೂದುಗಳನ್ನು ತಂದು ಅಂಟಿಸಿದರೆ ವರದಿ ಸಿದ್ಧ. ಕೆಳಗೆ ಒಂದು ತಾಳೆಯ ಸಾಲನ್ನೂ ಇಟ್ಟಿದ್ದ:

```
=SUM(B5:B30)-SUM(Data!$F$2:$F$1000)
```

ಪ್ರತಿ ತಿಂಗಳೂ ಅದು 0 ತೋರಿಸುತ್ತಿತ್ತು. ಹಸಿರು ಬಣ್ಣವನ್ನೂ ಕೊಟ್ಟಿದ್ದ.

ವರ್ಷಾಂತ್ಯದ ತಿಂಗಳು ಬಂತು. ಅಲ್ಲಿಯೂ ಹಸಿರು 0. ಆದರೆ ಮ್ಯಾನೇಜರ್ ವರದಿಯನ್ನು ಮೇಲಿಂದ ಕೆಳಗೆ ಒಮ್ಮೆ ಓದಿ, "ಸವಕಳಿ ಎಲ್ಲಿ ಹೋಯಿತು?" ಎಂದು ಕೇಳಿದರು. ತಿಂಗಳು ತಿಂಗಳು ಹೆಚ್ಚುಕಡಿಮೆ ಒಂದೇ ಮೊತ್ತ ಬರುವ ಸಾಲು ಅದು, ಈ ಸಲ ಸೊನ್ನೆ. ಹುಡುಗ ಲೆಡ್ಜರ್ ತೆರೆದು ನೋಡಿದ, ನಮೂದು ಅಲ್ಲಿ ಇತ್ತು. ವರದಿಯಲ್ಲಿ ಮಾತ್ರ ಇಲ್ಲ. ಮುಖ ಬಾಡಿಸಿಕೊಂಡು ನನ್ನ ಮೇಜಿನ ಬಳಿ ಬಂದ.

"ಸರ್, ವ್ಯತ್ಯಾಸ 0 ಇದೆಯಲ್ಲ?"

ನಾನು ಸೂತ್ರವನ್ನು ತಿದ್ದಿಕೊಡಲಿಲ್ಲ. Data ಹಾಳೆಯಲ್ಲಿ ಯಾವುದಾದರೂ ಒಂದು ಸಾಲಿನ ಮೊತ್ತವನ್ನು ಅಳಿಸು ಎಂದೆ. ಅಳಿಸಿದ. ವರದಿಯ ಮೊತ್ತ ಇಳಿಯಿತು, ತಾಳೆಯ ಸಾಲು ಮಾತ್ರ 0 ಆಗಿಯೇ ಉಳಿಯಿತು. ಇನ್ನೊಂದನ್ನು ಅಳಿಸಿದ, ಮತ್ತೆ 0. ಎರಡು ನಿಮಿಷ ಪರದೆಯನ್ನೇ ನೋಡುತ್ತಾ ನಿಂತಿದ್ದು, "ಎರಡೂ ಕಡೆ ಒಂದೇ ಹಾಳೆಯಿಂದ ಬರುತ್ತಿದೆ" ಎಂದ. ಕಾಣೆಯಾದದ್ದು ಎರಡೂ ಕಡೆ ಕಾಣೆಯಾದರೆ ವ್ಯತ್ಯಾಸ ಎಲ್ಲಿಂದ ಬರಬೇಕು?

ಉಳಿದದ್ದನ್ನು ಅವನೇ ಹುಡುಕಿದ. ಆ ತಿಂಗಳು 1,046 ನಮೂದುಗಳಿದ್ದವು. ಶೀರ್ಷಿಕೆಯ ಸಾಲು ಸೇರಿ 1,047ನೇ ಸಾಲಿನವರೆಗೆ ಹೋಗಿದ್ದವು. ಸೂತ್ರ 1,000ಕ್ಕೆ ನಿಂತಿತ್ತು, 47 ನಮೂದುಗಳು ಹೊರಗುಳಿದಿದ್ದವು. ಪಟ್ಟಿ ದಿನಾಂಕದ ಕ್ರಮದಲ್ಲಿದ್ದುದರಿಂದ ಬಿಟ್ಟುಹೋದವೆಲ್ಲ ಕೊನೆಯ ದಿನ ಹಾಕುವ ಹೊಂದಾಣಿಕೆ ನಮೂದುಗಳು: ಸವಕಳಿ, ಬಡ್ಡಿ, ಬಾಕಿ ವಿದ್ಯುತ್ ಬಿಲ್ಲು. ಹಿಂದಿನ ತಿಂಗಳುಗಳಲ್ಲಿ ನಮೂದುಗಳು ಸಾವಿರ ಮುಟ್ಟಿರಲಿಲ್ಲ, ಹಾಗಾಗಿ ಹಳೆಯ ವರದಿಗಳೆಲ್ಲ ಸರಿಯಾಗಿಯೇ ಇದ್ದವು. ಇಂಥ ದೋಷದ ಕಿರಿಕಿರಿಯೇ ಅದು, ಬಹುಕಾಲ ಸರಿಯಾದ ಉತ್ತರವನ್ನೇ ಕೊಡುತ್ತಾ ಬರುತ್ತದೆ.

ವ್ಯಾಪ್ತಿಯನ್ನು 5,000ಕ್ಕೆ ಏರಿಸಿದರೆ ಆ ತಿಂಗಳ ಮಟ್ಟಿಗೆ ಮುಗಿಯುತ್ತಿತ್ತು. ಅವನು ನಮೂದುಗಳನ್ನು ಎಕ್ಸೆಲ್ ಟೇಬಲ್ ಮಾಡಿದ, ಸಾಲುಗಳು ಹೆಚ್ಚಿದಂತೆ ಅದು ತಾನೇ ಬೆಳೆಯುತ್ತದೆ:

```
=SUMIFS(tblData[Amount], tblData[Account], $A5)
```

ಟೇಬಲ್‌ಗೂ ಒಂದು ಚಾಳಿ ಇದೆ. ಕಳೆದ ತಿಂಗಳಿಗಿಂತ ಕಡಿಮೆ ಸಾಲುಗಳನ್ನು ಅದರ ಮೇಲೆ ಅಂಟಿಸಿದರೆ, ಹಳೆಯ ತಿಂಗಳ ಬಾಲ ಕೆಳಗೆ ಹಾಗೇ ಉಳಿದು ಮೊತ್ತಕ್ಕೆ ಸೇರುತ್ತದೆ. ಅಂಟಿಸುವ ಮೊದಲು ಹಳೆಯ ಸಾಲುಗಳನ್ನು ತೆಗೆಯಬೇಕು.

ತಾಳೆಯ ಸಾಲನ್ನಂತೂ ಪೂರ್ತಿ ಬದಲಿಸಿದ. ಈಗ B32ರಲ್ಲಿ ಟ್ರಯಲ್ ಬ್ಯಾಲೆನ್ಸ್‌ನ ಒಟ್ಟು ವೆಚ್ಚವನ್ನು ಕೈಯಿಂದ ಟೈಪ್ ಮಾಡುತ್ತಾನೆ. ಅದನ್ನು ಲೆಕ್ಕದ ತಂತ್ರಾಂಶದಲ್ಲೇ ನೋಡಿಕೊಳ್ಳುತ್ತಾನೆ, ಅದೇ ಒಂದು ತಿಂಗಳ ಅವಧಿಗೆ; ವರ್ಷದ ಆರಂಭದಿಂದ ಕೂಡಿಬಂದ ಮೊತ್ತ ಇಲ್ಲಿ ಹೊಂದುವುದಿಲ್ಲ.

```
=SUM(B5:B30)-B32
```

ಮರು ತಿಂಗಳೇ ಅದು -18,500 ತೋರಿಸಿತು. ಯಾರೋ ತಂತ್ರಾಂಶದ ಚಂದಾಕ್ಕೆಂದು ಹೊಸ ಖಾತೆ ತೆರೆದಿದ್ದರು, ಅದರ ಸಂಕೇತ ವರದಿಯ A ಅಂಕಣದಲ್ಲಿ ಇರಲಿಲ್ಲ. SUMIFS ಇದಕ್ಕೆ ದೋಷ ಸೂಚನೆ ಕೊಡುವುದಿಲ್ಲ, ಕೇಳದ ಖಾತೆಯನ್ನು ಸುಮ್ಮನೆ ಬಿಟ್ಟುಬಿಡುತ್ತದೆ.

ಇದಕ್ಕೂ ಮಿತಿ ಇದೆ. ದುರಸ್ತಿಯ ಬಿಲ್ಲನ್ನು ಪ್ರಯಾಣ ವೆಚ್ಚಕ್ಕೆ ಹಾಕಿದ್ದರೆ ಟ್ರಯಲ್ ಬ್ಯಾಲೆನ್ಸ್‌ನಲ್ಲಿಯೂ ಹಾಗೆಯೇ ಇರುತ್ತದೆ, ವ್ಯತ್ಯಾಸ 0 ಬರುತ್ತದೆ. ಅದಕ್ಕೆ ಕಳೆದ ತಿಂಗಳ ಅಂಕಿಗಳನ್ನು ಪಕ್ಕದಲ್ಲಿಟ್ಟು, ಮ್ಯಾನೇಜರ್ ಮಾಡಿದಂತೆ ಸಾಲುಸಾಲಾಗಿ ಓದಬೇಕು. ಹೆಚ್ಚು ಏರಿಳಿದ ಖಾತೆಯ ವೋಚರ್ ತೆಗೆದು ನೋಡಬೇಕು. ಇದಕ್ಕೆ ಹುಡುಗನಿಗೆ ಈಗ ಅರ್ಧ ಗಂಟೆ ಹಿಡಿಯುತ್ತದೆ.

ನಿಮ್ಮ ಕಡತದ ಒಂದು ಪ್ರತಿ ಮಾಡಿಕೊಂಡು, ಅದರಲ್ಲಿ ಯಾವುದಾದರೂ ನಮೂದಿನ ಮೊತ್ತವನ್ನು ಅಳಿಸಿ ನೋಡಿ. ಆಮೇಲೂ ನಿಮ್ಮ ಸೂತ್ರ 0 ತೋರಿಸಿದರೆ ಅದನ್ನು ತೆಗೆದು ಬೇರೆ ಬರೆಯಿರಿ.