ಮಾತ್ರೆ ಪಟ್ಟಿಯಲ್ಲಿ ಕಷಾಯಕ್ಕೂ ಒಂದು ಸಾಲು

ಅಮ್ಮ ದಿನಕ್ಕೆ ಏಳು ಮಾತ್ರೆ ತಗೊಳ್ತಾರೆ, ಜೊತೆಗೆ ಕಷಾಯವೂ ಕುಡೀತಾರೆ. ಪಟ್ಟಿ ಹೇಗಿಡಲಿ?

ಕೋಲಾರದಲ್ಲಿ ನಮ್ಮತ್ತೆ ಬಿಪಿ ಮಾತ್ರೆ, ನೀರಿಳಿಸುವ ಮಾತ್ರೆ ಎರಡನ್ನೂ ತಗೊಳ್ತಿದ್ದರು. ಕೆಮ್ಮಿಗೆಂದು ದಿನಾ ಎರಡು ಲೋಟ ಅತಿಮಧುರದ ಕಷಾಯ ಶುರು ಮಾಡಿದರು. ಮೂರನೇ ವಾರಕ್ಕೆ ಕಾಲಲ್ಲಿ ಶಕ್ತಿಯಿಲ್ಲ, ಬಿಪಿ ಜಾಸ್ತಿ. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಇಳಿದಿತ್ತು. ಅತಿಮಧುರವೂ ಆ ನೀರಿಳಿಸುವ ಮಾತ್ರೆಯೂ ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಕಳೆಯುತ್ತವೆ. ‘ಮನೆಮದ್ದು ತಾನೇ’ ಅಂತ ಡಾಕ್ಟರಿಗೆ ಹೇಳೇ ಇರಲಿಲ್ಲ!

ಈಗ ಒಂದೇ ಹಾಳೆ. ಸ್ಟ್ರಿಪ್ ನೋಡಿ ಮಾತ್ರೆಯ ಹೆಸರು, ಎಂಜಿ, ಹೊತ್ತು ಬರೆಯುತ್ತೇನೆ. ಕೆಳಗೆ ಕಷಾಯ. ಸುಮ್ನೆ ‘ಕಷಾಯ’ ಅಂತ ಬರೆದರೆ ಸಾಲದು: ಏನೇನು ಹಾಕಿದ್ದು, ಎಷ್ಟು ಲೋಟ, ಯಾವ ತಾರೀಖಿಂದ. ಅತ್ತೆ ಕಷಾಯ ಶುರು ಮಾಡಿದ ತಾರೀಖು ಹೇಳಿದ ಮೇಲೇ ಡಾಕ್ಟರಿಗೆ ಕಾರಣ ಹೊಳೆದದ್ದು. ಅನುಮಾನ ಬಂದರೆ ಕಷಾಯ ನಿಲ್ಲಿಸಿ ಹಾಳೆ ತೋರಿಸಿ. ಮಾತ್ರೆ ಮಾತ್ರ ನೀವಾಗೇ ನಿಲ್ಲಿಸಬೇಡಿ.