ರಾತ್ರಿ ಪಾಳಿಯಲ್ಲಿ ರೋಗಿ ನೆಲದ ಮೇಲೆ ಸಿಕ್ಕರೆ ರಿಪೋರ್ಟ್ ಬರೆಯುವುದು ಹೇಗೆ?

ಪ್ರಶ್ನೆ: ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ನೈಟ್ ಡ್ಯೂಟಿಯಲ್ಲಿ 2:40ಕ್ಕೆ ರೌಂಡ್ಸ್ ಹೋದಾಗ 70 ವರ್ಷದ ರೋಗಿ ಬೆಡ್ ಪಕ್ಕ ನೆಲದ ಮೇಲಿದ್ದರು. ಅವರಿಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ನಡೀತಿದೆ. 'ರೋಗಿ ಬೆಡ್‌ನಿಂದ ಬಿದ್ದರು. ಪೆಟ್ಟಾಗಿಲ್ಲ. ಡಾಕ್ಟರ್‌ಗೆ, ಮನೆಯವರಿಗೆ ತಿಳಿಸಲಾಗಿದೆ' ಎಂದು ಬರೆದೆ. ಇನ್‌ಚಾರ್ಜ್ ಸಿಸ್ಟರ್ ಇದು ಸಾಲದು ಅಂದರು. ಎಲ್ಲಿ ತಪ್ಪಿದೆ?

ಉತ್ತರ: ಅವರು ಬೀಳುವುದನ್ನು ನೀವು ನೋಡಲಿಲ್ಲ ಅಲ್ವಾ? ಹಾಗಾದರೆ 'ಬಿದ್ದರು' ಎನ್ನುವುದು ನಿಮ್ಮ ಊಹೆ. ಕಂಡದ್ದನ್ನು ಬರೆಯಿರಿ: 'ಬೆಡ್‌ನ ಎಡಗಡೆ ನೆಲದ ಮೇಲೆ, ಬಲ ಮಗ್ಗುಲಲ್ಲಿ ಮಲಗಿದ್ದರು. ಎರಡೂ ಸೈಡ್ ರೈಲ್ ಮೇಲಿದ್ದವು. ನೆಲ ಒಣಗಿತ್ತು.' ಆಮೇಲೆ ಅವರ ಮಾತನ್ನು ಅವರ ಬಾಯಲ್ಲೇ ಬರೆಯಿರಿ. 'ಒಂದಕ್ಕೆ ಹೋಗ್ಬೇಕಿತ್ತು ಕಣವ್ವ, ಎದ್ದೆ, ಕಣ್ಣು ಕತ್ಲೆ ಬಂತು' ಅಂದಿದ್ದರೆ, ಆ ಒಂದು ಸಾಲಿನಿಂದಲೇ ಬಿಪಿ ಇಳಿದಿತ್ತೇ, ಶುಗರ್ ಕಡಿಮೆಯಾಗಿತ್ತೇ ಎಂದು ಡಾಕ್ಟರ್ ಯೋಚಿಸುತ್ತಾರೆ. ರೈಲ್ ಮೇಲಿತ್ತು ಎನ್ನುವುದೂ ಮುಖ್ಯ. ರೈಲ್ ದಾಟಿ ಇಳಿಯಲು ಹೋದವರು ಇನ್ನೂ ಎತ್ತರದಿಂದ ಬೀಳುತ್ತಾರೆ.

ನನಗೆ ಜಾಸ್ತಿ ಆತಂಕ ತಂದದ್ದು 'ಪೆಟ್ಟಾಗಿಲ್ಲ' ಎಂಬ ಮಾತು. ವಾರ್ಫರಿನ್ ತೆಗೆದುಕೊಳ್ಳುವವರಿಗೆ ತಲೆಯೊಳಗೆ ರಕ್ತ ಸೋರಿದರೆ, ಅದು ಕೆಲವು ಗಂಟೆ ಕಳೆದ ಮೇಲೂ ತೋರಬಹುದು. ಯಾರೂ ನೋಡದೆ ಬಿದ್ದಿದ್ದರೆ ತಲೆಗೆ ತಗುಲಿದೆ ಎಂದೇ ಹಿಡಿಯಬೇಕು. ಡಾಕ್ಟರ್‌ಗೆ ಫೋನ್ ಮಾಡಿದಾಗ ವಾರ್ಫರಿನ್ ವಿಷಯವನ್ನು ಮೊದಲೇ ಹೇಳಿ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಐಎನ್‌ಆರ್ ಕೊನೆಯ ಸಲ ಎಷ್ಟಿತ್ತು ಎಂದೂ ತಿಳಿಸಿ. ಸಿ.ಟಿ. ಬೇಕೇ ಎಂದು ತೀರ್ಮಾನಿಸಲು ಅವರಿಗೆ ಅದು ಬೇಕು.

ಎತ್ತುವ ಮೊದಲು ಏನೇನು ನೋಡಿದಿರಿ ಎಂಬುದೂ ಬರಲಿ: ಕುತ್ತಿಗೆ ನೋವಿದೆಯೇ, ಕೈಕಾಲು ಆಡುತ್ತವೆಯೇ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದೆಯೇ. ಹಾಗೆ ತಿರುಗಿದ್ದರೆ ತೊಡೆ ಮೂಳೆಯ ಮೇಲ್ತುದಿ ಮುರಿದಿರಬಹುದು, ಸುಮ್ನೆ ಎತ್ತಬಾರದು. ನಾಡಿ, ಬಿಪಿ, ಆಕ್ಸಿಜನ್, ಶುಗರ್, ಪ್ರಜ್ಞೆಯ ಮಟ್ಟ ಅಳೆಯುವ ಜಿಸಿಎಸ್, ಕಣ್ಣಿನ ಪಾಪೆ, ಎಲ್ಲಕ್ಕೂ ಸಮಯ ಹಾಕಿ. ಜಿಸಿಎಸ್ ಪೂರ್ತಿ 15 ಇದ್ದರೆ ಮೊದಲ 2 ಗಂಟೆ ಅರ್ಧ ಗಂಟೆಗೊಮ್ಮೆ, ಮುಂದಿನ 4 ಗಂಟೆ ಗಂಟೆಗೊಮ್ಮೆ, ಆಮೇಲೆ 2 ಗಂಟೆಗೊಮ್ಮೆ ನೋಡುವುದು ರೂಢಿ. 15 ಇದ್ದದ್ದು 14ಕ್ಕೆ ಇಳಿದರೂ, ವಾಂತಿಯಾದರೂ, ತಲೆನೋವು ಏರಿದರೂ ಬೆಳಗಾಗಲಿ ಎಂದು ಕಾಯಬೇಡಿ. ಡಾಕ್ಟರ್‌ನ ಕೂಡಲೇ ಕರೆಯಿರಿ.

'ಮನೆಯವರು' ಅಂದರೆ ಯಾರು? 'ಮಗನಿಗೆ 3:05ಕ್ಕೆ ಕರೆ, ಎತ್ತಲಿಲ್ಲ. 3:12ಕ್ಕೆ ಮಾತಾಡಿದರು. ತಂದೆ ನೆಲದ ಮೇಲೆ ಸಿಕ್ಕಿದ್ದು, ಡಾಕ್ಟರ್ ನೋಡುತ್ತಿರುವುದು ತಿಳಿಸಿದೆ. ಈಗಲೇ ಬರುತ್ತೇನೆ ಎಂದರು.' ಹೀಗಿರಲಿ. ಗಾಬರಿಯಾಗಬಾರದೆಂದು 'ಏನೂ ಆಗಿಲ್ಲ' ಅನ್ನಬೇಡಿ. ಬೆಳಗ್ಗೆ ಸಿ.ಟಿ.ಯಲ್ಲಿ ಏನಾದರೂ ಕಂಡರೆ ಅವರು ಮತ್ತೆ ನಿಮ್ಮನ್ನು ನಂಬುವುದಿಲ್ಲ.

ಹಳೆಯ ಸಾಲನ್ನು ಅಳಿಸಬೇಡಿ, ತಿದ್ದಬೇಡಿ. ಅದರ ಕೆಳಗೆ 'ತಡವಾಗಿ ಬರೆದದ್ದು' ಎಂದು ಈಗಿನ ತಾರೀಖು, ಸಮಯ, ಸಹಿಯೊಂದಿಗೆ, ನಿಮಗೆ ಖಚಿತವಾಗಿ ನೆನಪಿರುವುದನ್ನು ಮಾತ್ರ ಸೇರಿಸಿ. ಆವತ್ತು ಅಳೆಯದ ಬಿಪಿಯನ್ನು ಇವತ್ತು ತುಂಬಬೇಡಿ.