ಸಾಲವಿಲ್ಲ ಎಂದವರು ಹಾಕಿದ ಜಾಮೀನು

ಮಾನ್ಯ ಸಂಪಾದಕರೇ,
ಮುಂದಿನ ತಿಂಗಳು ನನ್ನ ನಿಶ್ಚಿತಾರ್ಥ. ಹುಡುಗನನ್ನು ‘ನಿಮಗೆ ಸಾಲ ಏನಾದರೂ ಇದೆಯೇ’ ಎಂದು ಕೇಳಿದೆ. ಇಲ್ಲ ಎಂದರು. ವಿಷಯ ಅವರ ಮನೆಯವರ ಕಿವಿಗೆ ಬಿದ್ದು, ‘ಸಂಬಂಧ ಬೆಳೆಸಲು ಬಂದಿರೋ, ಲೆಕ್ಕ ಕೇಳಲು ಬಂದಿರೋ’ ಎಂದು ಅಪ್ಪನಿಗೆ ಅಂದರಂತೆ. ಅಪ್ಪ ನನ್ನನ್ನೇ ಗದರಿದರು. ನನ್ನ ಎಂ.ಟೆಕ್. ಸಾಲ ಇನ್ನೂ 4 ಲಕ್ಷ ಇದೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನಾನು ಕೇಳಿದ್ದು ತಪ್ಪೇ?
– ಓದುಗಿ, ದಾವಣಗೆರೆ

ತಪ್ಪಲ್ಲ ಸೋದರಿ. ಅರ್ಧಕ್ಕೇ ನಿಲ್ಲಿಸಿದಿರಿ ಎಂಬುದಷ್ಟೇ ನನ್ನ ತಕರಾರು. ನಿಮ್ಮ ತಂದೆಯವರ ಕಷ್ಟವೂ ನನಗೆ ತಿಳಿಯುತ್ತದೆ. ಹೆಣ್ಣು ಹೆತ್ತವರು ತಗ್ಗಿ ನಡೆಯಬೇಕೆಂಬ ರೂಢಿ ಇನ್ನೂ ಹೋಗದಿರುವಾಗ ಬೀಗರ ಒಂದು ಮಾತೂ ಚುಚ್ಚುತ್ತದೆ. ಆದರೆ ಆ ನೋವಿಗಾಗಿ ಮಗಳು ಬಾಯಿ ಮುಚ್ಚಿಕೊಳ್ಳಬೇಕು ಎಂಬುದನ್ನು ನಾನು ಒಪ್ಪಲಾರೆ.

ನೀವು ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ: ‘ಯಾರ ಸಾಲಕ್ಕಾದರೂ ಜಾಮೀನು ಹಾಕಿದ್ದೀರಾ?’

ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹುಡುಗನೂ ಸಾಲವಿಲ್ಲ ಎಂದೇ ಹೇಳಿದ್ದ. ಅವನು ಸುಳ್ಳು ಹೇಳಿರಲಿಲ್ಲ. ಅಣ್ಣ ತೋಟಕ್ಕೆ ಕೊಳವೆಬಾವಿ ಕೊರೆಸಲೆಂದು ಸಹಕಾರ ಸಂಘವೊಂದರಲ್ಲಿ 6 ಲಕ್ಷ ಎತ್ತಿದಾಗ, ಸಂಬಳದಾರ ಎಂಬ ಕಾರಣಕ್ಕೆ ತಮ್ಮನ ಸಹಿ ಹಾಕಿಸಿದ್ದರು. ಎರಡು ಕಡೆ ಕೊರೆಸಿದರೂ ನೀರು ಬರಲಿಲ್ಲ, ಅಣ್ಣನ ಕಂತು ನಿಂತಿತು. ಮದುವೆಯಾದ ಎರಡನೆಯ ವರ್ಷ ನೋಟಿಸು ಬಂದದ್ದು ತಮ್ಮನ ಹೆಸರಿಗೆ. ಮನೆಯನ್ನು ಭೋಗ್ಯಕ್ಕೆ ಹಿಡಿಯಲೆಂದು ಗಂಡ ಹೆಂಡತಿ ಕೂಡಿಟ್ಟಿದ್ದ ದುಡ್ಡು ಅಲ್ಲಿಗೆ ಹೋಯಿತು. ‘ಅದು ನಮ್ಮ ಸಾಲವಲ್ಲವಲ್ಲ, ಅದಕ್ಕೇ ಹೇಳಲಿಲ್ಲ’ ಎಂದನಂತೆ. ಹೆಂಡತಿಗೆ ದುಡ್ಡಿಗಿಂತ ಆ ಮಾತೇ ಹೆಚ್ಚು ಕೊರೆಯಿತು.

ಕಾನೂನು ಮಾತ್ರ ಅದನ್ನು ಅವನ ಸಾಲವೆಂದೇ ನೋಡುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಮೊದಲು ಸಾಲಗಾರನ ಬೆನ್ನು ಹತ್ತಿ, ಸಿಗದಿದ್ದರೆ ಮಾತ್ರ ಇವನ ಬಳಿ ಬರಬೇಕೆಂದಿಲ್ಲ. ‘ಬರೀ ಸಹಿ, ಏನೂ ಆಗುವುದಿಲ್ಲ’ ಎಂದು ಪುಸಲಾಯಿಸಿ ಕಾಗದ ಮುಂದೆ ತಳ್ಳುವವರ ಮೇಲೆ ನನಗೆ ಬಹಳ ಸಿಟ್ಟಿದೆ.

ಇದನ್ನು ನೋಡುವ ದಾರಿ ಇದೆ. ಸಿಬಿಲ್‌ನಂಥ ನಾಲ್ಕು ಸಂಸ್ಥೆಗಳು ನಮ್ಮ ಸಾಲದ ವಿವರ ಇಟ್ಟುಕೊಂಡಿರುತ್ತವೆ. ಪ್ರತಿಯೊಂದರಿಂದಲೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಪಡೆಯಬಹುದು. ಅದರಲ್ಲಿರುವ ಅಂಕ ಎಷ್ಟೆಂದಷ್ಟೇ ನೋಡಿ ವರದಿಯನ್ನು ಪಕ್ಕಕ್ಕಿಡಬೇಡಿ. ಒಂದೊಂದು ಖಾತೆಯ ಎದುರೂ ಅದು ಸ್ವಂತದ್ದೋ, ಜಂಟಿಯೋ, ಜಾಮೀನೋ ಎಂದು ಬರೆದಿರುತ್ತದೆ, ಕಂತು ಎಷ್ಟು ದಿನ ತಡವಾಗಿದೆ ಎಂಬುದೂ ತಿಂಗಳುವಾರು ಇರುತ್ತದೆ. ಆದರೆ ಕೈಸಾಲ, ಚೀಟಿ ಹಣ ಎತ್ತಿ ಇನ್ನೂ ಕಟ್ಟುತ್ತಿರುವ ಕಂತು, ಎಷ್ಟೋ ಸಣ್ಣ ಸಂಘಗಳ ಸಾಲ ಆ ವರದಿಯಲ್ಲಿ ಕಾಣುವುದಿಲ್ಲ. ಅವನ್ನು ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು.

ಈಗ ನಿಮ್ಮನ್ನೂ ಸ್ವಲ್ಪ ಗದರಬೇಕು. ‘ಅವರು ಕೇಳಲಿಲ್ಲ, ನಾನು ಹೇಳಲಿಲ್ಲ’ ಎಂದು ಬರೆದಿದ್ದೀರಿ. ಜಾಮೀನು ಹಾಕಿದ ಆ ಹುಡುಗ ಮಾಡಿದ್ದೂ ಇದನ್ನೇ ಅಲ್ಲವೇ? ನಿಮ್ಮ 4 ಲಕ್ಷಕ್ಕೆ ಶೇ. 10.5ರ ಬಡ್ಡಿಯೆಂದು ಹಿಡಿದರೆ ಐದು ವರ್ಷ ತಿಂಗಳಿಗೆ ಸುಮಾರು 8,600 ರೂಪಾಯಿ ಕಟ್ಟಬೇಕು. ಆ ಸಾಲಕ್ಕೆ ನಿಮ್ಮ ತಂದೆಯೂ ಸಹಿ ಹಾಕಿರಬಹುದು. ಮದುವೆಯ ನಂತರ ನೀವು ಕಂತು ತಪ್ಪಿಸಿದರೆ ಬ್ಯಾಂಕಿನವರು ಹೋಗುವುದು ಅವರ ಮನೆಗೆ. ಕಟ್ಟುವವರು ನೀವೇ, ನಿಮ್ಮ ಸಂಬಳದಿಂದಲೇ ಎಂದು ಈಗಲೇ ಹೇಳಿಬಿಡಿ. ತವರಿಗೆ ತಿಂಗಳಿಗಿಷ್ಟು ಕಳಿಸುವವರಿದ್ದರೆ ಅದನ್ನೂ ಹೇಳಿ. ಗಂಡುಮಗ ಅಪ್ಪ ಅಮ್ಮನಿಗೆ ಹಣ ಕಳಿಸಿದರೆ ಕರ್ತವ್ಯ, ಹೆಣ್ಣುಮಗಳು ಕಳಿಸಿದರೆ ಕದ್ದು ಸಾಗಿಸಿದಂತೆ ಎಂದು ನೋಡುವ ಮನೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಲೆಕ್ಕ ಕೇಳಿದರೆ ಸಿಡುಕುವ ಮನೆಗಳೇ ಎಷ್ಟೋ ಸಲ ಛತ್ರ, ಊಟ, ಸೀರೆಗೆಂದು ಮಗನ ಹೆಸರಿನಲ್ಲಿ ಸಾಲ ತೆಗೆಯುತ್ತವೆ. ವರ್ಷ ತುಂಬುವುದರೊಳಗೆ ಸೊಸೆಯ ಸರ, ಬಳೆ ಅಡಮಾನಕ್ಕೆ ಹೋಗುತ್ತವೆ. ಸ್ತ್ರೀಧನ ಹೆಂಡತಿಯದೇ, ಅದರಲ್ಲಿ ಗಂಡನಿಗೆ ಪಾಲಿಲ್ಲ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. ಆದರೂ ಸಂಕೋಚಕ್ಕೆ ಬಿದ್ದು ಒಡವೆ ಬಿಚ್ಚಿಕೊಟ್ಟವರ ಪತ್ರಗಳು ನಮ್ಮ ಕಚೇರಿಗೆ ಬರುತ್ತಲೇ ಇವೆ. ಅವರಲ್ಲಿ ಯಾರೂ ಮದುವೆಗೆ ಮೊದಲು ಈ ಖರ್ಚಿನ ಹಣ ಎಲ್ಲಿಂದ ಬರುತ್ತಿದೆ ಎಂದು ಕೇಳಿದವರಲ್ಲ.

ನಿಶ್ಚಿತಾರ್ಥಕ್ಕೆ ಇನ್ನೂ ಒಂದು ತಿಂಗಳಿದೆ. ಹಿರಿಯರನ್ನು ನಡುವೆ ತರದೆ ನೀವಿಬ್ಬರೇ ಕುಳಿತು ಮಾತನಾಡಿ. ಮೊದಲು ನಿಮ್ಮ ಎಂ.ಟೆಕ್. ಸಾಲದ ಕಾಗದವನ್ನೂ ವರದಿಯನ್ನೂ ಅವರ ಕೈಗಿಡಿ, ಆಮೇಲೆ ಅವರದನ್ನು ಕೇಳಿ. ಜಾಮೀನಿನ ಪ್ರಶ್ನೆಯನ್ನು ಮರೆಯಬೇಡಿ.